ತೂಕ ಏರಿದ ಬಟ್ಟೆ

ಬಟ್ಟೆ ಕಾರ್ಖಾನೆಯಲ್ಲಿ ಎಲ್ಲರೂ ಆಕೆಯನ್ನು ಬಿಲ್ಲೆಯಕ್ಕ ಎಂದೇ ಕರೆಯುತ್ತಿದ್ದರು. ಬಂದ ಬಟ್ಟೆಯ ತೂಕ ನೋಡುವುದು ಆಕೆಯ ಕೆಲಸ. ಬಟ್ಟೆಯನ್ನು ರಬ್ಬರ್ ಹಾಸಿನ ಮೇಲೆ ಎಳೆಯದೆ, ಸುಕ್ಕಿಲ್ಲದೆ ಹರಡಿ, ಮೇಲೆ ದುಂಡನೆಯ ಕಟರ್ ಇಟ್ಟು, ಒತ್ತಿ ತಿರುಗಿಸಿದರೆ ಒಂದು ದುಂಡು ಬಿಲ್ಲೆ ಕತ್ತರಿಸಿ ಬರುತ್ತದೆ. ಅದು ಚದರ ಮೀಟರಿನ ನೂರರಲ್ಲಿ ಒಂದು ಪಾಲು. ಬಿಲ್ಲೆ 1.60 ಗ್ರಾಂ ತೂಗಿದರೆ ಆ ಬಟ್ಟೆ ಚದರ ಮೀಟರಿಗೆ ನೂರ ಅರವತ್ತು ಗ್ರಾಂ. ಸಂಖ್ಯೆ ಇಳಿದರೆ ಹೆಣಿಗೆ ಸಡಿಲವಾಗಿರಬೇಕು, ಇಲ್ಲವೇ ಯಾರೋ ಬಟ್ಟೆಯನ್ನು ಎಳೆದು ಉದ್ದ ಮಾಡಿರಬೇಕು. ತೂಗುವಾಗ ಯಾರಾದರೂ ಫ್ಯಾನ್ ಹಾಕಿದರೆ ಅವರ ಗತಿ ಮುಗಿಯಿತು ಎಂದೇ ಲೆಕ್ಕ. ಬಾಯಿ ಅಷ್ಟು ಜೋರು.

ಆ ಬಾಯಿ ಮೆತ್ತಗಾಗುತ್ತಿದ್ದುದು ತಂಗಿಯ ಮುಂದೆ ಮಾತ್ರ. ತಾಯಿ ಇದೇ ಕಾರ್ಖಾನೆಯ ಗೋದಾಮಿನಲ್ಲಿ ದುಡಿದು, ಉಬ್ಬಸ ಹೆಚ್ಚಾಗಿ ತೀರಿಕೊಂಡಾಗ ತಂಗಿ ಇನ್ನೂ ಚಿಕ್ಕವಳು. ಬಿಲ್ಲೆಯಕ್ಕ ಮದುವೆಯ ಮಾತೇ ಎತ್ತದೆ ಅವಳನ್ನು ಸಾಕಿದಳು. ಈಗ ತಂಗಿಯೂ ಅದೇ ಗೋದಾಮಿನಲ್ಲಿದ್ದಳು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರೆ ಅವಳೊಬ್ಬಳೇ ಹಿಂದಿನ ಮೂಲೆಯ ಹಲಗೆಗೋಡೆಗೆ ಒರಗಿ ಕೂರುತ್ತಿದ್ದಳು.

ಎಳೆತ ಬಿಡಲೆಂದು ಗೋದಾಮಿನಲ್ಲಿ ಬಿಚ್ಚಿ ಮಡಿಸಿಟ್ಟಿದ್ದ ಹತ್ತಿ ಬಟ್ಟೆಯನ್ನು ಒಮ್ಮೆ ಮತ್ತೆ ತೂಗಬೇಕಾಯಿತು. ಬಂದಾಗ ನೂರ ಅರವತ್ತು ಇದ್ದದ್ದು ಈಗ ನೂರ ಎಪ್ಪತ್ತೊಂದು.

"ಗೋದಾಮಲ್ಲಿ ಕೂತು ತಿಂದು ಕೊಬ್ಬಿದೆ ಬಿಡಕ್ಕ," ಎಂದು ಮೇಸ್ತ್ರಿ ನಕ್ಕ.

ಬಿಲ್ಲೆಯಕ್ಕನಿಗೆ ನಗು ಬರಲಿಲ್ಲ. ಕಟರಿನ ಬ್ಲೇಡ್ ಬದಲಿಸಿದಳು. ತಕ್ಕಡಿಯ ಮೇಲೆ ತೂಕದ ಕಲ್ಲು ಇಟ್ಟು ನೋಡಿದಳು, ಸರಿಯಾಗಿಯೇ ಇತ್ತು. ತನ್ನ ಕೋಣೆಯಲ್ಲೇ ಇಟ್ಟುಕೊಂಡಿದ್ದ ಅದೇ ಬಟ್ಟೆಯ ತುಂಡಿನಿಂದ ಕೊಯ್ದಳು: ನೂರ ಅರವತ್ತು. ಹಾಗಾದರೆ ಬದಲಾದದ್ದು ಬಟ್ಟೆಯೇ. ಇಟ್ಟಲ್ಲೇ ಇರುವ ಬಟ್ಟೆಗೆ ಹೊಸ ನೂಲು ಹುಟ್ಟುವುದಿಲ್ಲ. ಏನೋ ಅದರೊಳಗೆ ಸೇರಿಕೊಳ್ಳುತ್ತಿತ್ತು.

ಊಟದ ಹೊತ್ತಿಗೆ ಕಟರ್, ಹಾಸು, ತಕ್ಕಡಿ ಹಿಡಿದು ಗೋದಾಮಿಗೆ ಹೋದಳು. ಬಾಗಿಲ ಹತ್ತಿರ ನೂರ ಅರವತ್ತೊಂದು. ಮುಂದಿನ ಸಾಲಿನಲ್ಲಿ ನೂರ ಅರವತ್ತಾರು. ಒಳಗೆ ಹೋದಷ್ಟೂ ಸಂಖ್ಯೆ ಏರುತ್ತಿತ್ತು, ಯಾರೋ ಬಾ ಬಾ ಎಂದು ಕರೆದ ಹಾಗೆ. ಕೊನೆಯ ಸಾಲಿನಲ್ಲಿ ನೂರ ಎಪ್ಪತ್ತೆಂಟು. ಮುಟ್ಟಿದರೆ ಒದ್ದೆಯೆನಿಸದು, ಆದರೂ ಬಟ್ಟೆಗೆ ಜೀವವಿರುವವರ ಮೈಯ ಬಿಸುಪಿತ್ತು. ಆಗ ಕೇಳಿಸಿತು: ಗೋಡೆಯೊಳಗಿಂದ ಸಣ್ಣಗೆ, ಎಳೆದೆಳೆದು ಬರುವ ಉಸಿರು. ನಡುನಡುವೆ ಸಿಕ್ಕಿಕೊಂಡು ಮತ್ತೆ ಹೊರಡುವ ಉಸಿರು. ಅದು ಆಕೆ ಎಷ್ಟೋ ಇರುಳು ಎದ್ದು ಕೂತು ಕೇಳಿದ್ದ ಉಸಿರೇ.

ಹಲಗೆಗೆ ಕೆನ್ನೆಯಿಟ್ಟು ಕೂತಿದ್ದ ತಂಗಿ ಕಣ್ಣು ತೆರೆದಳು. "ನಿಂಗೂ ಕೇಳಿಸ್ತಾ ಅಕ್ಕಾ? ಅಮ್ಮ ಕಣೇ. ದಿನಾ ಇಲ್ಲೇ ಇರ್ತಾಳೆ. ನಂಗೆ ಅವಳ ಮುಖ ನೆನಪಿಲ್ಲ, ಇದೊಂದೇ ಇರೋದು."

ಒಂದು ಗಳಿಗೆ ಬಿಲ್ಲೆಯಕ್ಕನೂ ಹಲಗೆಗೆ ಕಿವಿಕೊಟ್ಟಳು. ಅಮ್ಮಾ ಎಂದು ಕರೆಯಲು ಬಾಯಿ ತೆರೆದಳು. ಆದರೆ ಕೈಯಲ್ಲಿ ಬಿಲ್ಲೆಯಿತ್ತು. ಹತ್ತಿ ನೀರನ್ನು ಕುಡಿಯುತ್ತದೆ, ಕುಡಿದಷ್ಟೂ ತೂಗುತ್ತದೆ. ಈ ನೀರು ಹಲಗೆಯ ಹಿಂದೆ ಹಾಯುವ ಬಾಯ್ಲರಿನ ಪೈಪಿನಿಂದ ಬಿಸಿಯಾಗಿ, ಹಬೆಯಾಗಿ ಬರುತ್ತಿತ್ತು.

"ಏಳೇ. ಈಗಲೇ ಏಳು!"

"ನಾನು ಬರಲ್ಲ."

ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಹೊರಗೆ ಬಂದು ಕೂಗಿದಳು. ಬಾಯ್ಲರ್ ನೋಡಿಕೊಳ್ಳುವವ ಓಡಿಬಂದ, ಮಾತು ಕೇಳಿ ಹಾಗೇ ತಿರುಗಿ ಹೋಗಿ ಹಬೆಯ ವಾಲ್ವ್ ತಿರುಗಿಸಿ ಮುಚ್ಚಿದ. ತಂಗಿ ಬಾಗಿಲಲ್ಲೇ ನಿಂತು ಕಿವಿಗೊಟ್ಟಳು. ಉಸಿರು ಒಮ್ಮೆ ಸಿಕ್ಕಿಕೊಂಡಿತು. ಇನ್ನೊಮ್ಮೆ ಸಣ್ಣಗೆ ಎಳೆಯಿತು. ನಿಂತಿತು.

"ಸಾಯಿಸಿಬಿಟ್ಟೆ," ಎಂದಳು ತಂಗಿ. ಅಕ್ಕನ ಮುಖ ನೋಡಲಿಲ್ಲ.

ಪೈಪು ಆರಿದ ಮೇಲೆ ಹಲಗೆ ಕಿತ್ತರು. ತುಕ್ಕು ತಿಂದ ಪೈಪು ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗಾಗಿತ್ತು. ಅದರಲ್ಲೊಂದು ಸೂಜಿಮೊನೆಯ ತೂತು, ನೇರ ತಂಗಿ ಕೆನ್ನೆಯಿಡುತ್ತಿದ್ದ ಜಾಗಕ್ಕೆ. "ಒಡೆದಿದ್ರೆ ಇಲ್ಲಿ ಕೂತವರ ಮುಖ ಬೆಂದುಹೋಗ್ತಿತ್ತಮ್ಮ," ಎಂದ ಬಾಯ್ಲರಿನವ.

ಸಂಜೆ ಬಿಲ್ಲೆಯಕ್ಕ ಆ ಸಾಲಿನಿಂದ ಮತ್ತೊಂದು ಬಿಲ್ಲೆ ಕೊಯ್ದು ತನ್ನ ಕೋಣೆಗೆ ತಂದು ತಕ್ಕಡಿಗಿಟ್ಟಳು. 1.77. ತಂಗಿ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ ತಿಳಿಯಲಿಲ್ಲ. ಇಬ್ಬರೂ ನೋಡುತ್ತಿದ್ದಂತೆ ಅದು 1.76 ಆಯಿತು. ಸ್ವಲ್ಪ ಹೊತ್ತಿಗೆ 1.75.

"ಯಾಕೆ ಇಳೀತಿದೆ?"

"ಇಲ್ಲಿ ಗಾಳಿ ಒಣಗಿದೆ. ನೀರು ಹೋಗ್ತಿದೆ."

"ಎಲ್ಲಾ ಹೋಗುತ್ತಾ?"

"ಬಂದಾಗ ಇದ್ದಷ್ಟಕ್ಕೆ ಬಂದು ನಿಲ್ಲುತ್ತೆ."

1.74. ತಂಗಿ ತುಟಿ ಕಚ್ಚಿಕೊಂಡಳು. ಅದು ಬರೀ ನೀರೆಂದು ಆ ಕಾರ್ಖಾನೆಯಲ್ಲಿ ಬಿಲ್ಲೆಯಕ್ಕನಷ್ಟು ಬಲ್ಲವರು ಬೇರೆ ಇರಲಿಲ್ಲ. ಆದರೂ ಆಕೆ ಬಿಲ್ಲೆಯನ್ನು ಲಬಕ್ಕನೆ ಎತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ಹೊರಡಿಸಿ, ಬಾಯನ್ನು ಬಿಗಿಯಾಗಿ ಗಂಟು ಹಾಕಿ ತಂಗಿಯ ಕೈಗಿಟ್ಟಳು.

"ಬಿಚ್ಚಬೇಡ," ಎಂದಳು.