ಕೆಂಪು ಪೆನ್ನಿನಕ್ಕನ ಸ್ವಂತ ಸಾಲು

ತೆರಿಗೆ ಸಲಹೆಗಾರರ ಆ ಎರಡು ಕೋಣೆಯ ಆಫೀಸಿನಲ್ಲಿ ಯಜಮಾನರಿಗೆ ಹೆದರದವರೂ ಕೆಂಪು ಪೆನ್ನಿನಕ್ಕನಿಗೆ ಹೆದರುತ್ತಿದ್ದರು. ಗೋಡೆಯ ಮೇಲಿನ ತಿಂಗಳ ಪಟ್ಟಿ ಹದಿನೆಂಟು ವರ್ಷದಿಂದ ಅವಳದೇ ರಾಜ್ಯ. ಅಂಗಡಿಯ ಹೆಸರು, ಯಾವ ರಿಟರ್ನ್, ಕೊನೆಯ ದಿನ, ಯಾರ ಜವಾಬ್ದಾರಿ, ಸ್ವೀಕೃತಿ ಸಂಖ್ಯೆ. ಸಲ್ಲಿಸಿದ್ದಕ್ಕೆ ಹಸಿರು ಗೆರೆ, ಬಾಕಿಗೆ ಕೆಂಪು. ಯಾರಾದರೂ "ಆಯ್ತು ಅಕ್ಕ" ಅಂದರೆ ಸಾಕು, ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಬಾಯಲ್ಲಿ ಆಗಿದ್ದು ಬೇಡ, ನಂಬರ್ ತೋರ್ಸು" ಎನ್ನುವಳು. ಪುಣ್ಯಾತ್ಗಿತ್ತಿ, ಯಜಮಾನರನ್ನೂ ಬಿಟ್ಟವಳಲ್ಲ.

ಆ ತಿಂಗಳ ರಿಟರ್ನಿಗೆ ಇಪ್ಪತ್ತನೇ ತಾರೀಖು ಕೊನೆ. ಇಪ್ಪತ್ತಮೂರರ ಮಧ್ಯಾಹ್ನ ದರ್ಜಿ ಹೆಂಗಸು ಬಂದಳು. ಆಪರೇಷನ್ ಆಗಿ ಎರಡು ತಿಂಗಳು ಅಂಗಡಿ ಮುಚ್ಚಿದ್ದವಳು. ಮುಖ ಬಿಳಿಚಿತ್ತು, ಮಾತಿನಲ್ಲಿ ಮಾತ್ರ ಹುರುಪು.

"ಅಕ್ಕಾ, ನರ್ಸ್‌ಗಳ ಯೂನಿಫಾರಂ ಹೊಲಿಯೋ ಕೆಲಸ ಸಿಗೋ ಹಾಗಿದೆ. ಯಾವ ರಿಟರ್ನೂ ಬಾಕಿ ಇಲ್ಲ ಅನ್ನೋ ಕಾಗದ ಇವತ್ತು ನಾಲ್ಕು ಗಂಟೆಯೊಳಗೆ ಕೊಡ್ಬೇಕಂತೆ. ಇದೂ ಕೈತಪ್ಪಿದ್ರೆ ಅಂಗಡಿ ಮುಚ್ಚಿದ್ದು ಮುಚ್ಚಿದ್ದೇ."

"ನಿಂದು ಹಸಿರಿದೆ ಕಣೆ, ಕೂತ್ಕೋ" ಎನ್ನುತ್ತ ಅಕ್ಕ ಪಟ್ಟಿಯತ್ತ ತಿರುಗಿದಳು. ಗೆರೆಯೇನೋ ಹಸಿರು. ಸಂಖ್ಯೆಯ ಜಾಗ ಖಾಲಿ. ಜವಾಬ್ದಾರಿ ಯಾರದೆಂದು ನೋಡಿದರೆ, ತನ್ನದೇ!

ಎಲ್ಲ ನೆನಪಾಯಿತು. ವ್ಯಾಪಾರ ನಡೆಯದಿದ್ದರೂ ಶೂನ್ಯವೆಂದು ರಿಟರ್ನ್ ಸಲ್ಲಿಸಲೇಬೇಕು. ಹದಿನೆಂಟರಂದೇ ಅದನ್ನು ತುಂಬಿಟ್ಟಿದ್ದಳು. ಸಲ್ಲಿಸಲು ದರ್ಜಿಯ ಮೊಬೈಲಿಗೆ ಬರುವ ಒಟಿಪಿ ಬೇಕಿತ್ತು. ಪಾಪ, ನೋವಿನಲ್ಲಿ ಮಲಗಿದವಳನ್ನು ಯಾಕೆ ಎಬ್ಬಿಸಲಿ, ನಾಳೆ ಕೇಳಿದರಾಯಿತು, ನನ್ನ ಸಾಲು ತಾನೇ, ಎಲ್ಲಿಗೆ ಹೋಗುತ್ತೆ ಎಂದು ಹಸಿರು ಎಳೆದುಬಿಟ್ಟಳು. ಹಸಿರಾದ ಮೇಲೆ ಆ ಸಾಲನ್ನು ನೋಡುವವರು ಯಾರು? ಅವಳೂ ನೋಡಲಿಲ್ಲ.

ವೆಬ್‌ಸೈಟ್ ಕೆಟ್ಟಿತ್ತು ಎನ್ನಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಆದರೆ ಅಕ್ಕನ ನಾಲಿಗೆ ಆ ಕಡೆ ಹೊರಳಲಿಲ್ಲ. "ತಪ್ಪು ನಂದೇ ಕಣಮ್ಮ. ನಿಂಗೆ ತೊಂದ್ರೆ ಕೊಡ್ಬಾರ್ದು ಅಂತ ಫೋನ್ ಮಾಡ್ಲಿಲ್ಲ" ಎಂದಳು.

"ಅಯ್ಯೋ ಅಕ್ಕಾ, ಹೊಲಿಗೆ ಹಾಕಿದ್ದು ಹೊಟ್ಟೆಗೆ, ಬಾಯಿಗಲ್ಲ! ಕೇಳಿದ್ರೆ ನಂಬರ್ ಹೇಳ್ತಿರ್ಲಿಲ್ವಾ? ಈಗ ಮೊದ್ಲು ಕಳ್ಸಿ" ಎಂದು ದರ್ಜಿ ಮೊಬೈಲ್ ಮೇಜಿನ ಮೇಲಿಟ್ಟಳು.

ತಡವಾದ ದಂಡವನ್ನು ಅಕ್ಕ, ಬೇಡವೆಂದರೂ ಕೇಳದೆ, ತಾನೇ ಕಟ್ಟಿದಳು. ಒಟಿಪಿ ಬಂತು, ರಿಟರ್ನ್ ಹೋಯಿತು, ಸ್ವೀಕೃತಿ ಬಂತು. ಬಾಕಿ ಏನೂ ಇಲ್ಲವೆಂದು ತೋರಿಸುವ ಪುಟ ಮುದ್ರಿಸಿಕೊಂಡು, ಹೊಟ್ಟೆ ಹಿಡಿದುಕೊಂಡೇ ದರ್ಜಿ ಆಟೋ ಹತ್ತಿದಾಗ ಗಂಟೆ ಮೂರು.

ಐದಕ್ಕೆ ದರ್ಜಿಯ ಫೋನ್ ಬಂತು, ಕೆಲಸ ಸಿಕ್ಕಿತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಸಂಖ್ಯೆ ಬರೆದಳು. ಆಮೇಲೆ ಕೆಂಪು ಪೆನ್ನು ತೆಗೆದು, ಹಸಿರು ಗೆರೆಯ ಪಕ್ಕ "ಮೂರು ದಿನ ತಡ" ಎಂದು ಬರೆದು, ತನ್ನ ಹೆಸರಿನ ಕೆಳಗೆ ದಪ್ಪಗೆ ಗೀಟು ಎಳೆದಳು.

"ಕೆಲಸ ಆಯ್ತಲ್ಲಮ್ಮಾ, ಅದ್ಯಾಕೆ? ಅಳಿಸು" ಎಂದರು ಯಜಮಾನರು.

"ಇರ್ಲಿ ಸಾರ್. ಮುಂದಿನ ತಿಂಗಳಿಂದ ನನ್ನ ಸಾಲಿನ ನಂಬರ್ ನೀವು ಕೇಳಿ" ಎಂದಳು ಅಕ್ಕ. "ನನ್ನನ್ನ ನಾನೇ ಕೇಳ್ಕೊಂಡ್ರೆ ನಂಬಿಬಿಡ್ತೀನಿ."