ಕರಿ ಕುರಿಯ ಮೇಲೆ ಒಂದು ಸಾಲು

ಚನ್ನಗಿರಿಯ ನಮ್ಮ ಮಂಡಿಗೆ ಅಡಿಕೆ ಆರಿಸುವ ಕೆಲಸಕ್ಕೆ ಗುರುಬಸವರಾಜ್ ಬಂದು ಆರು ವರ್ಷವಾಯಿತು. ವಯಸ್ಸು ಇಪ್ಪತ್ತೆಂಟು. ರಾಶಿಗೆ ಕೈ ಹಾಕಿ ಒಂದು ಹಿಡಿ ಎತ್ತಿದರೆ ಸಾಕು, ಯಾವುದು ಹದವಾಗಿ ಬೆಂದದ್ದು, ಯಾವುದು ಅವಸರದಲ್ಲಿ ಒಣಗಿಸಿದ್ದು ಎಂದು ಬೆರಳಿನಲ್ಲೇ ಹೇಳುತ್ತಾನೆ. ಮಾಲು ಎಷ್ಟು ಚೆನ್ನಾಗಿದ್ದರೂ ಮುಖದಲ್ಲಿ ತೋರಿಸುವುದಿಲ್ಲ. ನಮ್ಮಲ್ಲಿ ಅದೇ ಮೊದಲ ಪಾಠ. ಕಣ್ಣರಳಿಸಿದವನು ಅಲ್ಲಿಗೇ ಅರ್ಧ ಸೋತ. ಹಿಡಿಯಲ್ಲಿ ಒಂದು ಸೊಟ್ಟ ಅಡಿಕೆ ಸಿಕ್ಕಿದರೆ ಅದನ್ನೆತ್ತಿ, ಇದು ದಾರಿ ತಪ್ಪಿ ಬಂದಿದೆಯೇ ಎಂದು ಕೇಳಬೇಕು. ಮಾಲು ತಂದ ರೈತ ನಗುತ್ತಾನೆ. ಆಮೇಲೆ ಮಾತು ತಾನಾಗಿ ನಡೆಯುತ್ತದೆ.

ಇಂಥವನು ಸಂಧ್ಯಾರಾಣಿಯ ವಿಷಯದಲ್ಲಿ ಮೊದಲ ದಿನವೇ ಇಡೀ ಅಂಗಡಿ ಬಿಚ್ಚಿಟ್ಟ.

ಆ ಹುಡುಗಿ ನ್ಯಾಮತಿಯವಳು. ಕೆಲಸ ಜಗಳೂರಿನ ಕಡೆ, ಪಶು ಆಸ್ಪತ್ರೆಯಲ್ಲಿ. ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಹಟ್ಟಿ ಹಟ್ಟಿ ತಿರುಗಿ ಕುರಿಗಳಿಗೆ ಲಸಿಕೆ ಹಾಕುತ್ತಾಳೆ. ಹೊನ್ನಾಳಿಯಲ್ಲಿ ನಡೆದ ಒಂದು ಮದುವೆಯಲ್ಲಿ, ಕೈ ತೊಳೆಯುವ ನಲ್ಲಿಯ ಹತ್ತಿರ, ನೀರು ಬರಲಿ ಎಂದು ಕಾಯುತ್ತಾ ಇಬ್ಬರೂ ಹತ್ತು ನಿಮಿಷ ಮಾತಾಡಿದರಂತೆ. ನೀರು ಬಂದದ್ದು ಗುರುವಿಗೆ ಇಂದಿಗೂ ಬೇಸರದ ಸಂಗತಿ. ಆ ರಾತ್ರಿಯೇ ಇನ್‌ಸ್ಟಾಗ್ರಾಂನಲ್ಲಿ ಹುಡುಕಿ ಫಾಲೋ ಮಾಡಿದ. ಎರಡು ದಿನ ಬಿಟ್ಟು ಅವಳೂ ಮಾಡಿದಳು.

ಅಂದಿನಿಂದ ಅವನ ದಿನ ಒಂದು ಬಣ್ಣದ ಬಳೆಯ ಸುತ್ತ ತಿರುಗತೊಡಗಿತು. ಸ್ಟೋರಿ ಹಾಕಿದಾಗ ಅವಳ ಪುಟ್ಟ ಫೋಟೋ ಸುತ್ತ ಮೂಡುವ ಬಳೆ. ಇಪ್ಪತ್ತನಾಲ್ಕು ಗಂಟೆಯಾದರೆ ಅದು ಮಾಯ. ಹಿಡಿ ಅಡಿಕೆ ಕೈಯಲ್ಲಿದ್ದಂತೆಯೇ ಅವನು ಕಿಟಕಿಯಾಚೆ ನೋಡುತ್ತಾ ನಿಂತುಬಿಡುತ್ತಿದ್ದ. ಬಿಸಿಲಲ್ಲಿ ತೇಲುವ ಅಡಿಕೆ ಧೂಳು ಅವನ ರೆಪ್ಪೆಯ ಮೇಲೆ ಕೂತರೂ ತಿಳಿಯುತ್ತಿರಲಿಲ್ಲ. ಕರೆದರೆ ಎಲ್ಲೋ ದೂರದ ಊರಿಂದ ಬಸ್ಸಿಳಿದು ಬಂದವನ ಹಾಗೆ 'ಹಾಂ' ಎನ್ನುತ್ತಿದ್ದ.

ಇದು ಅವನ ಸೋದರಮಾವ ಪಂಚಾಕ್ಷರಪ್ಪನವರ ಕಿವಿಗೆ ಬಿತ್ತು. ಅವರೂ ನ್ಯಾಮತಿಯವರು, ಹುಡುಗಿಯ ಅಪ್ಪನ ಪರಿಚಯ ಚೆನ್ನಾಗಿತ್ತು. ಮನೆತನ ಸರಿಯಿದೆ, ಸೋಮವಾರ ಹೋಗಿ ಕೇಳಿಬಿಡುತ್ತೇನೆ ಎಂದು ಹೊರಟೇಬಿಟ್ಟರು. ಎಲ್ಲ ಹುಡುಗರೂ ಬೇಡಿಕೊಳ್ಳುವ ಭಾಗ್ಯ ಅದು. ಇವನು ಮಾತ್ರ ತಡೆದ.

"ಅವ್ರ ಮನೇರು ಹೂಂ ಅಂದ್ರೆ ಆಕೆ ಹೂಂ ಅಂದಂಗಲ್ಲ ಮಾವ. ಒಂದ್ಸಲ ಆಕೆನೇ ತಾನಾಗಿ ನನ್ನ ಮಾತಾಡಿಸ್ಲಿ. ಆಮೇಲೆ ಹೋಗ್ರಿ."

"ಯಾವಾಗ ಮಾತಾಡಿಸ್ತಾಳೆ?"

"ಅದೇ ಗೊತ್ತಿಲ್ಲ."

ಬರುವ ತಿಂಗಳ ಮೊದಲ ಸೋಮವಾರದ ತನಕ ಕಾಯುತ್ತೇನೆ, ಅಷ್ಟರೊಳಗೆ ನಿನ್ನ ಫೋನು ಏನು ಮಾಡುತ್ತದೋ ಮಾಡಲಿ ಎಂದು ಮಾವ ಗಡುವು ಕೊಟ್ಟರು. ಐದು ವಾರ. ಮಾವ ಹೋದರೆ ದೊಡ್ಡವರ ಮಾತು ದೊಡ್ಡವರ ನಡುವೆ ಮುಗಿಯುತ್ತದೆ, ನಲ್ಲಿಯ ಹತ್ತಿರದ ಆ ಹತ್ತು ನಿಮಿಷ ಅವಳಿಗೆ ನೆನಪಿತ್ತೋ ಇಲ್ಲವೋ ಎಂದು ಅವನಿಗೆ ಎಂದೂ ತಿಳಿಯುವುದಿಲ್ಲ. ಅವನಿಗಿದ್ದ ಭಯ ಅದೊಂದೇ.

ಮೊದಲ ವಾರವೇ ಅವಳು ರಜೆಗೆ ಬಂದವಳು ಸೂಳೆಕೆರೆಯ ಏರಿಯ ಮೇಲೆ ನಿಂತು ಸಂಜೆಯ ನೀರಿನ ಒಂದು ವಿಡಿಯೋ ಹಾಕಿದಳು. ಗುರು ಅವಳ ಸ್ಟೋರಿಗೆ ಗಂಟೆ ಕಟ್ಟಿಟ್ಟಿದ್ದ, ಅಂದರೆ ಹಾಕಿದ ಕೂಡಲೇ ಫೋನು ಕೂಗುವ ಹಾಗೆ. ಕೂಗಿತು. ಚನ್ನಗಿರಿಯಲ್ಲಿ ಹುಟ್ಟಿದವನ ಎದುರು ಯಾರಾದರೂ ಸೂಳೆಕೆರೆ ಎಂದರೆ ಅವನು ಸುಮ್ಮನಿರಲಾರ. ನೀರು ಎಷ್ಟು ದೂರ ಹರಡಿದೆ, ತೂಬು ಎಷ್ಟು, ಯಾವ್ಯಾವ ಊರಿಗೆ ನೀರು ಹೋಗುತ್ತದೆ, ಎಲ್ಲ ಒಪ್ಪಿಸಬೇಕು. ಗುರುವೂ ಒಪ್ಪಿಸಿದ, ಹದಿನಾಲ್ಕು ಸಾಲು. ಕೊನೆಯಲ್ಲಿ 'ಮುಂದಿನ ಸಲ ಬಂದಾಗ ಹೇಳಿ, ನಾನೇ ತೋರಿಸುತ್ತೇನೆ' ಎಂದೂ ಸೇರಿಸಿದ. ವಿಡಿಯೋ ಬಂದು ಮೂರು ನಿಮಿಷವಾಗಿರಲಿಲ್ಲ.

ಅವಳು ಆ ಸಂದೇಶದ ಮೇಲೆ ಒಂದು ಕೆಂಪು ಹೃದಯ ಒತ್ತಿದಳು. ಬೇರೇನೂ ಇಲ್ಲ.

ಹೃದಯ ಬಂತೆಂಬ ಖುಷಿಗೆ ಗುರು ಆ ದಿನ ಊಟ ಬಿಟ್ಟ. ಅವನ ಗೆಳೆಯ ಮುತ್ತುರಾಜ್, ಹೊನ್ನಾಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು, ಅರ್ಥ ಬಿಡಿಸಿ ಹೇಳಿದ. ಮಾತಿನ ಮೇಲೆ ಹೃದಯ ಒತ್ತುವುದೆಂದರೆ ಮನೆಗೆ ಬಂದವರಿಗೆ ಕೈ ಮುಗಿದು ಬಾಗಿಲು ಮುಂದಕ್ಕೆ ಮಾಡಿದ ಹಾಗೆ. ಮರ್ಯಾದೆ ಇದೆ, ಕುರ್ಚಿ ಇಲ್ಲ.

"ಗೈಡ್ ಆಗಾಕೆ ಹೋಗಿದ್ಯೇನಲೇ? ಆಕೆ ನೀರು ತೋರಿಸಿದ್ರೆ ನೀನು ತೂಬು ಎಣಿಸ್ತೀಯ."

ಎರಡನೆಯ ಯತ್ನಕ್ಕೆ ನಮ್ಮ ಗುರುವಿಗೆ ಮುತ್ತುರಾಜನೇ ಗುರುವಾದ. ಮೊದಲು ಆ ಗಂಟೆ ಬಿಚ್ಚಿಸಿದ. ಸ್ಟೋರಿ ಯಾರ್ಯಾರು ನೋಡಿದರು ಎಂಬ ಪಟ್ಟಿ ಹಾಕಿದವರಿಗೆ ಕಾಣುತ್ತದೆ, ದಿನವೂ ಮೊದಲ ಹೆಸರು ನಿನ್ನದೇ ಇದ್ದರೆ ಮನೆ ಮುಂದೆ ಕಾವಲು ಕೂತಂತೆ ಎಂದ. ಎಲ್ಲ ಸ್ಟೋರಿಗೂ ಉತ್ತರ ಬರೆಯಬೇಡ, ಬೆಂಕಿ, ಚಪ್ಪಾಳೆ ಎಂದು ಸಿದ್ಧವಿರುವ ಚಿಹ್ನೆಯನ್ನೂ ಒತ್ತಬೇಡ, ಅದು ಎಲ್ಲರೂ ಹಾಕುವ ಮುಯ್ಯಿ ಎಂದ. ಇಲ್ಲಿಯವರೆಗೆ ಅವನ ಬುದ್ಧಿ ಸರಿಯಿತ್ತು. ಆಮೇಲೆ ಕೆಟ್ಟಿತು. ಪ್ರೇಮದ ಸಾಲು ಹಾಕುವ ಒಂದು ಇನ್‌ಸ್ಟಾಗ್ರಾಂ ಪುಟದಿಂದ ಎರಡು ಸಾಲು ಎತ್ತಿ, ಫೋನಿನ ಟಿಪ್ಪಣಿಯಲ್ಲಿ ಬರೆಸಿ, ನಾಲ್ಕು ದಿನ ತಿದ್ದಿಸಿ ಕಾಯಿಸಿದ. ಅವಳು ಹಟ್ಟಿಯ ಹಿಂದೆ ಹುಟ್ಟುವ ಚಂದ್ರನ ಚಿತ್ರ ಹಾಕಿದ ದಿನ ಗುರು ಎರಡು ಗಂಟೆ ತಡೆದು, ನಿಟ್ಟುಸಿರು ಬಿಟ್ಟು, ಅಂಟಿಸಿದ. ಬೆಳದಿಂಗಳು, ಮೌನ, ಅವಳ ಕಣ್ಣು, ಎಲ್ಲ ಇತ್ತು. ಚುಕ್ಕಿ, ಅಲ್ಪವಿರಾಮ ಕೂಡ ಸರಿಯಾಗಿತ್ತು.

"ಯಾವ ಪೇಜಿಂದು?" ಎಂದು ಬಂತು ಉತ್ತರ.

ಅವನು ಸಂದೇಶ ಅಳಿಸಿದ. ಅವಳು ಓದಿಯಾಗಿತ್ತು, ಅಳಿಸಿ ಏನು ಪ್ರಯೋಜನ. ಮರುದಿನ ಮಂಡಿಗೆ ಬಂದವನು ಬೇರೆ ದರದ ಬೆಟ್ಟೆ ಅಡಿಕೆಯನ್ನು ರಾಶಿ ಅಡಿಕೆಯೊಳಗೆ ಸೇರಿಸಿ ಹಾಕಿದ. ನಾನು ಬೈಯಲಿಲ್ಲ, ಅದಕ್ಕೇ ಇನ್ನಷ್ಟು ಕುಗ್ಗಿದ. ಏನಾಯಿತು ಎಂದು ಕೇಳಿದೆ. ಎಲ್ಲ ಹೇಳಿ ಕೊನೆಗೆ, "ನಾನು ಎರಡು ಸಲವೂ ಯಾರೋ ಬೇರೆಯವನಾಗಿ ಮಾತಾಡಿದೆ ಸಾವ್ಕಾರ್ರೇ, ಒಂದ್ಸಲ ಮೇಷ್ಟ್ರು, ಒಂದ್ಸಲ ಕವಿ" ಎಂದ. ಇಷ್ಟು ಬುದ್ಧಿ ಇರುವವನಿಗೆ ಬುದ್ಧಿ ಹೇಳುವುದು ದಂಡ.

ಎರಡು ವಾರ ಅವನು ಏನನ್ನೂ ಬರೆಯಲಿಲ್ಲ. ಸಮಯ ಸಿಕ್ಕಾಗ ನೋಡುತ್ತಿದ್ದ, ಸಿಗದಿದ್ದರೆ ಬಳೆ ಮಾಯವಾಗಲು ಬಿಡುತ್ತಿದ್ದ. ಮಾಲು ನೋಡಲು ಹೊನ್ನಾಳಿಗೆ ಹೋದ ದಿನ ಸೇತುವೆಯ ಮೇಲೆ ಬಸ್ಸು ನಿಧಾನವಾಯಿತಂತೆ. ಕೆಳಗೆ ತುಂಗಭದ್ರೆ ಕರಗಿದ ಬೆಲ್ಲದ ಬಣ್ಣದಲ್ಲಿ ಸದ್ದಿಲ್ಲದೆ ಹೋಗುತ್ತಿತ್ತು. ಅದೇ ದಾರಿಯಲ್ಲಿ ಇನ್ನಷ್ಟು ದೂರ ಹೋದರೆ ನ್ಯಾಮತಿ. ಅಲ್ಲಿ ಯಾವುದೋ ಬೀದಿಯ ಯಾವುದೋ ಕಟ್ಟೆಯ ಮೇಲೆ ಅವಳು ಚಿಕ್ಕಂದಿನಲ್ಲಿ ಆಡಿರಬೇಕು ಎಂದು ಯೋಚಿಸುತ್ತಾ ಇಳಿಯಬೇಕಾದ ಸ್ಟಾಪು ದಾಟಿಸಿಬಿಟ್ಟ. ಅಂದು ಎರಡು ಮೈಲಿ ನಡೆದು ವಾಪಸು ಬಂದ, ಬೇಸರವಿಲ್ಲದೆ.

ಗಡುವಿಗೆ ಆರು ದಿನ ಉಳಿದಿತ್ತು. ಮಧ್ಯಾಹ್ನ ಊಟ ಮುಗಿಸಿ, ಗೋಣಿಚೀಲದ ಮೇಲೆ ಕೂತು ಫೋನು ತೆರೆದ. ಅವಳು ಬೆಳಗ್ಗೆ ಹಾಕಿದ ಚಿತ್ರ, ಆಗಲೇ ನಾಲ್ಕು ಗಂಟೆ ಹಳೆಯದು. ಕೆಂಪು ಮಣ್ಣಿನ ಬಯಲು, ಸಾಲಾಗಿ ಕುರಿ, ನಡುವೆ ಸೂಜಿ ಹಿಡಿದ ಕೈಯಷ್ಟೇ ಕಾಣುವ ಸಂಧ್ಯಾರಾಣಿ. ಮೊದಲಾಗಿದ್ದರೆ ಆ ಕೈಯನ್ನೇ ನೋಡುತ್ತಿದ್ದ. ಆದರೆ ಬೆಳಗಿನಿಂದ ಅಡಿಕೆ ಆರಿಸಿದ ಕಣ್ಣು ಅದು, ಗುಂಪಿನೊಳಗೆ ಬೇರೆಯಾಗಿರುವುದನ್ನೇ ಹುಡುಕುತ್ತದೆ. ಎಲ್ಲ ಕುರಿಯೂ ಮುಂದೆ ನೋಡುತ್ತಿದ್ದರೆ ಹಿಂದಿನ ಒಂದು ಕರಿ ಕುರಿ ಮಾತ್ರ ಕತ್ತು ತಿರುಗಿಸಿ ಎತ್ತಲೋ ಹೊರಟ ಹಾಗಿತ್ತು. ಗುರುವಿಗೆ ನಗು ಬಂತು. ಅಡಿಕೆ ಕಲೆಯ ಹೆಬ್ಬೆರಳಲ್ಲೇ ಬರೆದ:

"ಹಿಂದಿನ ಕರಿ ಕುರಿ ಆಧಾರ್ ಕಾರ್ಡ್ ಮನೇಲಿ ಬಿಟ್ಟು ಬಂದೀನಿ ಅಂತ ಜಾರ್ತಾ ಐತೆ ನೋಡ್ರಿ"

ತಿದ್ದಲಿಲ್ಲ. ಕೊನೆಗೆ ಚುಕ್ಕಿ ಇಡಲಿಲ್ಲ, ನಗುವ ಮುಖವೂ ಇಲ್ಲ. ಅವಳನ್ನು ಹೊಗಳಿರಲಿಲ್ಲ, ಉತ್ತರ ಕೊಡಲೇಬೇಕೆಂದು ಪ್ರಶ್ನೆ ಕೇಳಿರಲಿಲ್ಲ. ಬೇಕೆಂದರೆ ನಕ್ಕು ಸುಮ್ಮನಿರಬಹುದು, ಬೇಕೆಂದರೆ ಒಂದು ಮಾತು ಸೇರಿಸಬಹುದು. ಅಷ್ಟು ಜಾಗ ಬಿಟ್ಟಿದ್ದ. ಲಾರಿ ಬಂತೆಂದು ಫೋನನ್ನು ಅಂಗಿಯ ಜೇಬಿಗೆ ಹಾಕಿ ಚೀಲ ಏರಿಸಲು ಹೋದ. ಆ ಒಂದು ಗಂಟೆ ಅವನು ನಿಜವಾಗಿಯೂ ಮರೆತಿದ್ದ ಎಂದು ನಾನು ಸಾಕ್ಷಿ ಹೇಳಬಲ್ಲೆ. ಚೀಲ ಸರಿಯಾಗಿ ಲೆಕ್ಕ ಹಾಕಿದ.

ಬೆವರು ಒರೆಸಿಕೊಂಡು ನೋಡಿದಾಗ ಉತ್ತರ ಇತ್ತು. "ಅದಕ್ಕೂ ಆಧಾರ್ ಐತ್ರೀ. ಕಿವೀಲಿ ಹಳದಿ ಓಲೆ ಕಾಣ್ಲಿಲ್ವಾ?" ಕಿವಿಗೆ ಹಾಕುವ ನಂಬರಿನ ಬಿಲ್ಲೆಯ ಮಾತು. "ಹಂಗಾದ್ರೆ ಹೆಬ್ಬೆಟ್ಟು ಹೊಂದ್ತಾ ಇಲ್ಲೇನೋ" ಎಂದು ಬರೆದ ಇವನು. ಆ ಕುರಿ ಕೊನೆಗೂ ತಪ್ಪಿಸಿಕೊಂಡು ಹೋಯಿತೆಂದೂ, ಅದನ್ನು ಹಿಡಿಯಲು ಅರ್ಧ ಹಟ್ಟಿ ಓಡಿತೆಂದೂ, ತನ್ನ ಒಂದು ಚಪ್ಪಲಿ ಅಲ್ಲೇ ಕಿತ್ತುಹೋಯಿತೆಂದೂ ಅವಳು ಉದ್ದಕ್ಕೆ ಬರೆದಳು. ಗುರುವಿಗೆ ಇನ್ನೂ ಹತ್ತು ಮಾತು ನಾಲಿಗೆ ತುದಿಯಲ್ಲಿತ್ತು. ಮಾತು ಬಿಸಿಯಿರುವಾಗಲೇ ಎದ್ದ. ಚಪ್ಪಲಿಗೆ ಸಂತಾಪ ಹೇಳಿ, ಇನ್ನೊಂದು ಲಾರಿ ಬಂತು ಎಂದು ಬರೆದ. ಲಾರಿ ಬಂದದ್ದೂ ನಿಜ.

ಆದರೂ ಇದು ಅವನು ಬೇಡಿದ್ದಲ್ಲ. ಮಾತು ತೆಗೆದದ್ದು ಅವನೇ ಅಲ್ಲವೇ. ಮುಂದಿನ ಎರಡು ದಿನ ಅವಳ ಸ್ಟೋರಿಗಳು ಬಂದವು, ಒಂದು ಮೆಕ್ಕೆಜೋಳದ ಹೊಲ, ಒಂದು ಹೊಸ ಚಪ್ಪಲಿ. ಚಪ್ಪಲಿ ನೋಡಿ ಬರೆಯಲು ಅವನ ಬೆರಳು ಎಷ್ಟು ತುರಿಸಿರಬೇಕು. ನೋಡಿದ, ಮುಚ್ಚಿದ. ಹೇಳಲು ತೋಚಿದ್ದೆಲ್ಲ ಬೇಕೆಂದೇ ಹೆಣೆದಂತಿತ್ತು ಎಂದ.

ಶನಿವಾರ ಸಂಜೆ ಅವಳಿಂದ ಬಂತು. ಯಾವ ಚಿತ್ರದ ಕೆಳಗೂ ಅಲ್ಲ, ಬರೀ ಮಾತು.

"ಚಪ್ಪಲಿಗೆ ಏನೂ ಅನ್ಲಿಲ್ಲ? ನಿಮಗಂತಾನೇ ಹಾಕಿದ್ದೆ."

ಗುರು ಮಂಡಿಯ ಬಾಗಿಲಲ್ಲಿ ನಿಂತೇ ಓದಿದ. ಬಿಸಿಲು ಇಳಿದು ಅಂಗಳದ ಅಡಿಕೆಯೆಲ್ಲ ಕೆಂಪಗೆ ಹೊಳೆಯುತ್ತಿತ್ತು. ಅವನು ಬಹಳ ಹೊತ್ತು ಅದರ ನಡುವೆ ಕಾಲಿಡಲು ಜಾಗವಿಲ್ಲದವನ ಹಾಗೆ ನಿಂತಿದ್ದ. ಆಮೇಲೆ ಚಪ್ಪಲಿಯ ಮಾತು ಬಿಟ್ಟು, ಇದ್ದದ್ದನ್ನೇ ಬರೆದ. ನಮ್ಮ ಮಾವ ಸೋಮವಾರ ನಿಮ್ಮ ಮನೆಗೆ ಹೊರಟಿದ್ದಾರೆ, ನಿಮ್ಮನ್ನು ಕೇಳದೆ ಬರುವುದು ನನಗೆ ಸರಿ ಕಾಣುವುದಿಲ್ಲ, ಅವರು ಬರಲೋ ಬೇಡವೋ ಎಂದು.

ಅವಳು ಅರ್ಧ ಗಂಟೆ ತೆಗೆದುಕೊಂಡಳು.

"ಮಾವ ತಡೀಲಿ. ಗುರುವಾರ ನೀವು ಜಗಳೂರಿಗೆ ಬರ್ರಿ, ಟೀ ಕುಡಿಯೋಣ. ಬರೆದು ತರಬ್ಯಾಡ್ರಿ ಮತ್ತೆ."

ಪಂಚಾಕ್ಷರಪ್ಪನವರಿಗೆ ಫೋನು ಮಾಡಿ ನಿಲ್ಲಲು ಹೇಳಿದ್ದಕ್ಕೆ, ಇಸ್ತ್ರಿ ಮಾಡಿಸಿದ ಪಂಚೆ ಹಾಗೇ ಮಡಚಿಡಬೇಕಾ ಎಂದು ಅವರು ಗೊಣಗಿದರಂತೆ. ಗುರುವಾರ ನಾನು ರಜೆ ಕೊಟ್ಟೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋದ. ತೋಟದ ಹಸಿರು ಹಿಂದೆ ಸರಿದು, ನೆಲ ಬಯಲಾಗುತ್ತಾ, ಆಕಾಶ ದೊಡ್ಡದಾಗುತ್ತಾ ಹೋಯಿತಂತೆ. ಜಗಳೂರು ಹತ್ತಿರ ಬಂದಾಗ ಅವಳ ಫೋಟೋ ಸುತ್ತ ಬಳೆ ಮೂಡಿತು. ಎರಡು ಟೀ ಲೋಟ, ಒಂದು ತುಂಬಿದ್ದು, ಒಂದು ಖಾಲಿ. ಇವನಿಗೆ ಒಳ್ಳೆಯದೊಂದು ಮಾತು ತೋಚಿತು. ಬರೆಯಲು ಬೆರಳಿಟ್ಟವನು ಬಿಟ್ಟು, ಫೋನು ಜೇಬಿಗೆ ಹಾಕಿ ಎದ್ದು ಬಸ್ಸಿನ ಬಾಗಿಲಿಗೆ ಬಂದ.

ಮರುದಿನ ಮಂಡಿಯಲ್ಲಿ ಆ ಮಾತು ಏನೆಂದು ನಾನು ಎರಡು ಸಲ ಕೇಳಿದೆ. ಹಿಡಿ ಅಡಿಕೆ ಎತ್ತಿ ಬೆಳಕಿಗೆ ಹಿಡಿದುಕೊಂಡು, ಮುಖದಲ್ಲಿ ಏನೂ ತೋರಿಸದೆ ನಿಂತುಬಿಟ್ಟ.