ಕಾಲಿನ ಚಿತ್ರದ ಸ್ಟೇಷನ್

ಮುಂಬೈಯ ವಡಾಲದ ನಮ್ಮ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಗೆ ನಾನೇ ಟೀಚರು. ಅಲ್ಲೊಬ್ಬಳು ಹುಡುಗಿ, ಕೂತಲ್ಲಿ ಕೂರುವ ಜಾತಿಯಲ್ಲ. ಗಮನ ನಿಲ್ಲದ ತೊಂದರೆ ಎಂದು ಡಾಕ್ಟರರೇ ಹೇಳಿದ್ದರು. ಹೆಡ್‌ಮೇಡಂ ಅದಕ್ಕೆಲ್ಲ ಜಗ್ಗುವವರಲ್ಲ. ಶುಕ್ರವಾರ ತಾವೇ ಬಂದು ಪಾಠ ನೋಡುವುದಾಗಿಯೂ, ಹುಡುಗಿ ಕೊನೆವರೆಗೆ ಕೆಲಸ ಮಾಡದಿದ್ದರೆ ಬೇರೆ ಶಾಲೆ ನೋಡಿಕೊಳ್ಳಲಿ ಎಂದೂ ಹೇಳಿಬಿಟ್ಟರು. ಅವಳ ಅಪ್ಪ ಅಮ್ಮ ಇಬ್ಬರೂ ಬಿಲ್ಡಿಂಗ್ ಕೆಲಸದವರು. ಅವರಿಗೆ ಬೇರೆ ಶಾಲೆ ಎಂದರೆ ಶಾಲೆಯೇ ಇಲ್ಲ ಎಂದರ್ಥ. ನನಗೆ ಮೈಯೆಲ್ಲ ಉರಿಯಿತು.

ಹಠಕ್ಕೆ ಬಿದ್ದು ಭಿನ್ನರಾಶಿಯ ಪಾಠವನ್ನು ತುಂಡು ತುಂಡು ಮಾಡಿದೆ. ಒಂದು ತುಂಡಿಗೆ ಒಂದೇ ಕೆಲಸ, ಕೆಲವೇ ನಿಮಿಷ. ಹಲಗೆಯ ಪಕ್ಕದಲ್ಲಿ ಲೋಕಲ್ ರೈಲಿನ ಹಳಿ ಬರೆದು, ಸ್ಟೇಷನ್‌ಗಳಿಗೆ ಚಿತ್ರ ಅಂಟಿಸಿದೆ. ಕಣ್ಣು ಎಂದರೆ ನೋಡುವುದು, ಕೈ ಎಂದರೆ ಕಾಗದ ಮಡಚುವುದು, ಕಾಲು ಎಂದರೆ ಎದ್ದು ಹೋಗಿ ಮೈಯ ಚಡಪಡಿಕೆ ಇಳಿಯುವಷ್ಟು ಗೋಡೆ ತಳ್ಳುವುದು, ಪೆನ್ಸಿಲ್ ಎಂದರೆ ಬರೆಯುವುದು. ಕೊನೆಗೆ ಗಂಟೆಯ ಚಿತ್ರ, ಅಂದರೆ ಪಾಠ ಮುಗಿಯಿತು. ಒಂದು ಕೆಲಸ ಮುಗಿದೊಡನೆ, ರೈಲು ಎಂದು ಚಿತ್ರಕ್ಕೆ ಸಿಕ್ಕಿಸಿದ ಬಟ್ಟೆ ಕ್ಲಿಪ್ಪು ಮುಂದಿನ ಸ್ಟೇಷನ್‌ಗೆ ಹೋಗಬೇಕು. ಅದನ್ನು ಸರಿಸುವ ಅಧಿಕಾರ ಆ ಹುಡುಗಿಗೇ ಕೊಟ್ಟೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ ಅನ್ನಿ.

ಸೋಮವಾರ ಕ್ಲಿಪ್ಪು ಕೈಯ ಚಿತ್ರಕ್ಕೆ ಬಂದದ್ದೇ ತಡ, ಇಡೀ ತರಗತಿ ಬ್ಯಾಗನ್ನು ಎದೆಗವಚಿಕೊಂಡು ಎದ್ದು ಗೋಡೆಯತ್ತ ನುಗ್ಗಿತು. ಕಾಲು ಇನ್ನೂ ಬಂದಿಲ್ಲ, ಈಗಲೇ ಯಾಕೆ ಎದ್ದಿರಿ ಎಂದು ರೇಗಿದೆ.

ಹುಡುಗಿ ನನ್ನನ್ನು ಪಾಪ ಅನ್ನುವಂತೆ ನೋಡಿದಳು. "ಸ್ಟೇಷನ್ ಬಂದ ಮ್ಯಾಲೆ ಎದ್ರ ಇಳಿಯಾಕ ಆಗಂಗಿಲ್ರಿ ಟೀಚರ್. ಒಂದು ಸ್ಟೇಷನ್ ಮೊದ್ಲ ಬಾಗಲಕ್ಕ ನಿಂದರಬೇಕು."

ಮುಂಬೈ ಮಕ್ಕಳಿಗೆ ರೈಲು ತೋರಿಸಿದ ನನ್ನ ಕರ್ಮ! ನಕ್ಕು ನಕ್ಕು ಸಾಕಾಯಿತು. ಆಮೇಲೆ ಯೋಚಿಸಿದೆ, ಹೇಗೂ ಏಳುತ್ತಾರೆ, ಎದ್ದೇ ಮಾಡಲಿ. ಮಡಚಿದ ಕಾಗದವನ್ನು ಗೋಡೆಗೆ ಹಿಡಿದು ಅರ್ಧ ದೊಡ್ಡದೋ ಕಾಲು ಭಾಗ ದೊಡ್ಡದೋ ಎಂದು ನಿಂತೇ ಹೋಲಿಸುವ ಕೆಲಸ ಕೊಟ್ಟೆ. ನಂತರ ಗೋಡೆ ತಳ್ಳುವುದು, ಮೂರು ಚಪ್ಪಾಳೆಗೆ ವಾಪಸ್ ಕೂರುವುದು, ಬರೆಯುವುದು. ದಿನವೂ ಇದೇ ಕ್ರಮ. ಪೆನ್ಸಿಲ್‌ನಲ್ಲಿದ್ದಾಗ ಮಾತ್ರ ಗಂಟೆ ಬರುವವರೆಗೆ ಯಾರೂ ಏಳುವಂತಿಲ್ಲ ಎಂದು ಒಪ್ಪಂದವಾಯಿತು. ಯಾರು ತಂಟೆ ಮಾಡಿದರೂ ಎದ್ದು ಓಡಾಡುವ ಆ ಬಿಡುವನ್ನು ನಾನು ಕಿತ್ತುಕೊಳ್ಳಲಿಲ್ಲ. ಕಿತ್ತುಕೊಂಡರೆ ತಂಟೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಶುಕ್ರವಾರ ಹೆಡ್‌ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ನೋಡಿದ್ದಾಯಿತು, ಮಡಚಿ ಹೋಲಿಸಿದ್ದಾಯಿತು, ಗೋಡೆ ತಳ್ಳಿದ್ದಾಯಿತು. ಚಪ್ಪಾಳೆಗೆ ಎಲ್ಲರೂ ಕೂತರು. ಕ್ಲಿಪ್ಪು ಪೆನ್ಸಿಲ್‌ಗೆ ಬಂತು, ಇನ್ನುಳಿದದ್ದು ಗಂಟೆ ಮಾತ್ರ. ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರೆ, ಗೋರೆಗಾಂವ್‌ನಿಂದ ದಿನಾ ಲೋಕಲ್‌ನಲ್ಲಿ ಬರುವ ನಮ್ಮ ಹೆಡ್‌ಮೇಡಂ ಪರ್ಸನ್ನು ಎದೆಗವಚಿಕೊಂಡು ಎದ್ದು ನಿಂತುಬಿಟ್ಟರು.

ಹುಡುಗಿ ಬರೆಯುವುದನ್ನು ನಿಲ್ಲಿಸದೆಯೇ ಹೇಳಿದಳು, "ಗಂಟಿ ಇನ್ನೂ ಬಂದಿಲ್ರಿ ಮೇಡಂ, ಕುಂದರ್ರಿ."

ಮೇಡಂ ಕೂತರು. ನಾನು ಹಲಗೆಯತ್ತ ತಿರುಗಿ ತುಟಿ ಕಚ್ಚಿಕೊಂಡೆ.

ಹುಡುಗಿ ಕೊನೆಯ ಲೆಕ್ಕ ಮುಗಿಸಿ, ಹೋಗಿ ಕ್ಲಿಪ್ಪನ್ನು ಗಂಟೆಗೆ ಸಿಕ್ಕಿಸಿ, ಇಳಿಯಬಹುದು ಎಂದು ಮೇಡಂಗೆ ಕೈ ತೋರಿಸಿದಳು. ಅವರು ಅವಳ ಪುಸ್ತಕ ತೆರೆದು, ಪ್ರತಿ ಉತ್ತರವನ್ನೂ ನೋಡಿದರು. ಬಾಗಿಲ ಬಳಿ ನನ್ನತ್ತ ತಿರುಗಿ ಹೇಳಿದ್ದು ಇಷ್ಟೇ: "ಐದನೇ ಕ್ಲಾಸಿನ ಟೀಚರ್‌ಗೂ ಈ ರೈಲು ಕಲಿಸಿಕೊಡಿ. ಮುಂದಿನ ವರ್ಷ ಇವಳು ಅಲ್ಲಿಗೆ ಹೋಗ್ತಾಳಲ್ಲ."